ಹಣ ಕೊಡುವ ಮೊದಲು ಪಾರ್ಸೆಲ್ ಬಿಚ್ಚಲು ಬಿಡದಿದ್ದಾಗ

ಮಿಕ್ಸಿ ಜಾರೊಂದನ್ನು ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿದ್ದೆ. ಬಾಗಿಲಿಗೆ ಬಂದ ಹುಡುಗನಿಗೆ, ಬಿಚ್ಚಿ ನೋಡಿ ದುಡ್ಡು ಕೊಡುತ್ತೇನೆ ಎಂದಾಗ ಅವನು, "ಬಿಚ್ಚಿದ ಪಾರ್ಸೆಲ್ಲನ್ನು ಹಬ್‌ನಲ್ಲಿ ವಾಪಸ್ ತೆಗೆದುಕೊಳ್ಳುವುದಿಲ್ಲ ಸಾರ್, ನನ್ನ ಸಂಬಳದಲ್ಲೇ ಹಿಡಿಯುತ್ತಾರೆ" ಎಂದು ಸ್ಪಷ್ಟವಾಗಿ ಹೇಳಿದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆರ್ಡರ್ ವಿವರದಲ್ಲಿ ‘ಓಪನ್ ಬಾಕ್ಸ್ ಡೆಲಿವರಿ’ ಎಂದು ನಮೂದಾಗಿದ್ದರೆ ನಮ್ಮೆದುರೇ ಬಿಚ್ಚಿ ತೋರಿಸುವುದು ಅವನ ಕೆಲಸ. ಆಗ ವಸ್ತುವನ್ನು ನೋಡುವವರೆಗೆ ಓಟಿಪಿ ಹೇಳಬಾರದು. ನನ್ನ ಆರ್ಡರಿನಲ್ಲಿ ಆ ಸೌಲಭ್ಯವಿರಲಿಲ್ಲ.

ಆದ್ದರಿಂದ ಅವನೊಡನೆ ವಾದಕ್ಕಿಳಿಯದೆ, ಹೊರಗಿನಿಂದಲೇ ಪರಿಶೀಲಿಸಿದೆ. ಲೇಬಲ್ ಮೇಲಿನ ಹೆಸರು, ಆರ್ಡರ್ ಸಂಖ್ಯೆ ಮತ್ತು ಮೊತ್ತ ನನ್ನ ಮೊಬೈಲಿನಲ್ಲಿದ್ದ ವಿವರಕ್ಕೆ ಹೊಂದಿದವು. ಅಂಚಿನಲ್ಲಿ ಮುದ್ರಿತ ಟೇಪಿನ ಮೇಲೆ ಬೇರೆ ಪಾರದರ್ಶಕ ಟೇಪು ಅಂಟಿಸಿದ್ದರೆ, ರಟ್ಟಿನ ಪದರ ಕಿತ್ತುಬಂದಿದ್ದರೆ, ಅಥವಾ ಪೆಟ್ಟಿಗೆ ವಸ್ತುವಿಗೆ ತಕ್ಕಷ್ಟು ತೂಕವಿಲ್ಲದಿದ್ದರೆ, ಹಣ ಕೊಡದೆ ತಿರಸ್ಕರಿಸುವುದೇ ಸರಿ. ತೆರೆಯದ ಪಾರ್ಸೆಲ್ಲನ್ನು ವಾಪಸ್ ಕಳಿಸಿದರೆ ಅವನಿಗೂ ತೊಂದರೆಯಿಲ್ಲ. ನನ್ನ ಪೆಟ್ಟಿಗೆಯಲ್ಲಿ ಅಂಥ ಗುರುತೇನೂ ಕಾಣದ್ದರಿಂದ ಯುಪಿಐ ಮೂಲಕ ಹಣ ಕೊಟ್ಟೆ. ಎಷ್ಟು ಹೊತ್ತಿಗೆ ಎಷ್ಟು ಕೊಟ್ಟೆ ಎಂಬ ದಾಖಲೆ ಉಳಿಯಲಿ ಎಂಬುದೇ ಅದಕ್ಕೆ ಕಾರಣ.

ಮುಂದಿನ ಹೆಜ್ಜೆಯೇ ಕೊನೆಗೆ ಕೈಹಿಡಿದದ್ದು. ಮನೆಯವರ ಕೈಯಲ್ಲಿ ಮೊಬೈಲ್ ಕೊಟ್ಟು, ಮೊದಲು ಲೇಬಲ್, ಬಳಿಕ ಪೆಟ್ಟಿಗೆಯ ಆರೂ ಮುಖಗಳು, ಆಮೇಲೆ ಟೇಪು ಕತ್ತರಿಸುವುದು, ಒಳಗಿನ ವಸ್ತು, ಇವೆಲ್ಲ ಎಲ್ಲಿಯೂ ಕಡಿಯದ ಒಂದೇ ವಿಡಿಯೊದಲ್ಲಿ ಬರುವಂತೆ ಮಾಡಿದೆ. ನಡುವೆ ಪೆಟ್ಟಿಗೆ ಚೌಕಟ್ಟಿನಿಂದ ಹೊರಹೋದರೂ ಮಾರಾಟಗಾರ ವಸ್ತುವನ್ನು ಬದಲಿಸಿದ್ದೀರಿ ಎನ್ನಬಹುದು. ಒಳಗಿದ್ದದ್ದು ಗೀರುಬಿದ್ದ, ಬ್ಲೇಡು ಸಡಿಲವಾದ ಹಳೆಯ ಜಾರು.

ಆ ಹುಡುಗನನ್ನು ಕರೆದು ಹಣ ವಾಪಸ್ ಕೇಳಿ ಪ್ರಯೋಜನವಿಲ್ಲ. ‘ಡೆಲಿವರ್ಡ್’ ಎಂದು ದಾಖಲಾದ ಮೇಲೆ ಅದು ಅವನ ಕೈಯಲ್ಲಿರುವುದಿಲ್ಲ. ಅಂದೇ ಆ್ಯಪಿನಲ್ಲಿ ‘ಬೇರೆ ವಸ್ತು ಬಂದಿದೆ’ ಎಂಬ ಕಾರಣ ಆಯ್ದು ವಿಡಿಯೊ ಸೇರಿಸಿದೆ. ಮಾರಾಟಗಾರ ಮೊದಲು ನಿರಾಕರಿಸಿದಾಗ, ಜಾಲತಾಣದಲ್ಲಿ ಹೆಸರಿಸಿದ್ದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ ಅಥವಾ ಹೇಳಿದ್ದಕ್ಕಿಂತ ಬೇರೆಯಾದ ವಸ್ತುವನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಇವೆರಡನ್ನೂ ಪತ್ರದಲ್ಲಿ ನಮೂದಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಿದೆ. ಬಳಿಕ ಜಾರನ್ನು ವಾಪಸ್ ಒಯ್ದರು. ಹಣ ನನ್ನ ಬ್ಯಾಂಕ್ ಖಾತೆಗೆ ಜಮೆಯಾಯಿತು. ಅಲ್ಲಿಯವರೆಗೆ ಆ ಪೆಟ್ಟಿಗೆ, ಲೇಬಲ್, ಕತ್ತರಿಸಿದ ಟೇಪು, ಯಾವುದನ್ನೂ ಎಸೆದಿರಲಿಲ್ಲ. ವಾಪಸ್ ಒಯ್ಯಲು ಬಂದವನು ಮೊದಲು ಕೇಳಿದ್ದೂ ಅವುಗಳನ್ನೇ.