ಅವಳಿ ಮಾವಂದಿರ ಫೋಟೊಗಳಿಗೆ ಹೆಸರು ಬರೆದ ಬಗೆ

ನನ್ನ ಸೋದರಮಾವಂದಿರಿಬ್ಬರು ತದ್ರೂಪಿ ಅವಳಿಗಳು. ಅಜ್ಜಿಯ ಮನೆಯ ಹಳೆಯ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡಿ ಹೆಸರು ಬರೆಯುವಾಗ ತೊಡಕು ಕೊಟ್ಟದ್ದು ಅವರಲ್ಲಿ ಒಬ್ಬರೇ ಇದ್ದ ಚಿತ್ರಗಳು. ಮನೆಯವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು.

ಹಾಗಾಗಿ ಯಾರದೆಂಬುದರಲ್ಲಿ ಸಂಶಯವೇ ಇಲ್ಲದ ಚಿತ್ರಗಳನ್ನು, ಅಂದರೆ ಅವರವರ ಮದುವೆಯ ಫೋಟೊ ಮತ್ತು ಗುರುತಿನ ಚೀಟಿಯ ಫೋಟೊಗಳನ್ನು, ಮಾದರಿಯಾಗಿ ಬೇರೆ ತೆಗೆದಿಟ್ಟೆ. ಮುಖದ ತುಂಬು, ಕೆನ್ನೆ, ನಗುವಿನ ರೀತಿಗಳನ್ನು ನಾನು ಅಷ್ಟಾಗಿ ನಂಬಲಿಲ್ಲ. ಮೈತೂಕ ಏರಿಳಿದರೆ ಅವು ಬದಲಾಗುತ್ತವೆ, ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಕಿವಿಯ ಒಳಮಡಿಕೆಗಳಾದರೋ ಬೆಳೆದ ಮೇಲೆ ಹೆಚ್ಚು ಬದಲಾಗುವುದಿಲ್ಲ, ವಯಸ್ಸಾದಂತೆ ಹಾಲೆ ಮಾತ್ರ ಉದ್ದವಾಗುತ್ತದೆ. ದೊಡ್ಡ ಮಾವನ ಎಡಗಿವಿಯ ಹೊರ ಅಂಚಿನಲ್ಲಿ, ಮೇಲಿನ ಬಾಗು ಕೆಳಗಿಳಿಯುವಲ್ಲಿ, ಒಂದು ಸಣ್ಣ ಗಂಟಿದೆ. ಚಿಕ್ಕ ಮಾವನ ಎಡಗಿವಿಯಲ್ಲಿ ಆ ಅಂಚು ನುಣುಪಾಗಿದೆ, ಆದರೆ ಅಂಥದೇ ಗಂಟು ಬಲಗಿವಿಯಲ್ಲಿದೆ. ಹಣೆಯ ಮೇಲೆ ಕೂದಲು ಎದ್ದು ನಿಲ್ಲುವ ಸುಳಿಯೂ ಹಾಗೆಯೇ: ಒಬ್ಬರಿಗೆ ಎಡಕ್ಕೆ, ಇನ್ನೊಬ್ಬರಿಗೆ ಬಲಕ್ಕೆ.

ತದ್ರೂಪಿ ಅವಳಿಗಳಲ್ಲಿ ಕೆಲವರು ಹೀಗೆ ಒಬ್ಬರಿಗೊಬ್ಬರು ಕನ್ನಡಿಯ ಬಿಂಬದಂತಿರುತ್ತಾರೆ, ಅಪಾಯವಿರುವುದೂ ಅಲ್ಲಿಯೇ. ನೆಗೆಟಿವ್ ಅನ್ನು ತಿರುವಿ ಹಾಕಿ ಮುದ್ರಿಸಿದರೆ ಒಬ್ಬ ಮಾವ ಇನ್ನೊಬ್ಬ ಮಾವನಾಗಿಬಿಡುತ್ತಾರೆ. ಈಗಿನ ಮೊಬೈಲಿನ ಸೆಲ್ಫಿಯಲ್ಲೂ ಇದೇ ಆಗಬಹುದು. ಆದ್ದರಿಂದ ಕಿವಿಯನ್ನು ನೋಡುವ ಮೊದಲು ಚಿತ್ರ ನೇರವಾಗಿದೆಯೇ ಎಂದು ಪರೀಕ್ಷಿಸುವುದನ್ನು ರೂಢಿ ಮಾಡಿಕೊಂಡೆ. ಹಿನ್ನೆಲೆಯಲ್ಲಿ ಅಂಗಡಿಯ ಫಲಕವಿದ್ದರೆ ಅಕ್ಷರವೇ ಹೇಳುತ್ತದೆ. ಇಲ್ಲವಾದರೆ ಶರ್ಟಿನ ಜೇಬು ತೊಟ್ಟವರ ಎಡ ಎದೆಯ ಮೇಲಿರಬೇಕು, ಪಕ್ಕದಲ್ಲಿ ನಿಂತ ಹೆಂಗಸರ ಸೆರಗು ಸಾಮಾನ್ಯವಾಗಿ ಎಡಭುಜದ ಮೇಲಿರಬೇಕು.

ಅಜ್ಜಿಯೊಂದಿಗೆ ಜಗಲಿಯಲ್ಲಿ ನಿಂತ ಒಂದು ಕಪ್ಪುಬಿಳುಪು ಚಿತ್ರದಲ್ಲಿ ಗಂಟು ಎಡಗಿವಿಯಲ್ಲಿತ್ತು, ಸುಳಿ ಎಡಕ್ಕಿತ್ತು. ಎರಡೂ ದೊಡ್ಡ ಮಾವನನ್ನೇ ತೋರಿಸುತ್ತಿದ್ದವು. ಆದರೆ ಜೇಬು ಬಲ ಎದೆಯ ಮೇಲಿತ್ತು, ಅಜ್ಜಿಯ ಸೆರಗೂ ಬಲಭುಜದ ಮೇಲಿತ್ತು. ಸ್ಕ್ಯಾನನ್ನು ಅಡ್ಡಲಾಗಿ ತಿರುಗಿಸಿದಾಗ ಜೇಬು, ಸೆರಗು ತಮ್ಮ ಜಾಗಕ್ಕೆ ಬಂದವು, ಗಂಟು ಬಲಗಿವಿಗೆ ಹೋಯಿತು. ಅದು ಚಿಕ್ಕ ಮಾವನ ಚಿತ್ರ. ಕಿವಿ ಮತ್ತು ಸುಳಿ ಎರಡೂ ಒಂದನ್ನೇ ಹೇಳಿದವೆಂಬುದು ಇಲ್ಲಿ ಎರಡು ಸಾಕ್ಷಿಗಳೆಂದು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಚಿತ್ರ ತಿರುವಿದರೆ ಎರಡೂ ಒಟ್ಟಿಗೇ ತಿರುವುತ್ತವೆ. ಎಡಬಲದ ಹಂಗಿಲ್ಲದ ಇನ್ನೊಂದು ಗುರುತು ಬೇಕಿತ್ತು. ಚಿಕ್ಕ ಮಾವನ ಹಾಲೆಗಳೆರಡೂ ಕೆನ್ನೆಗೆ ಅಂಟಿಕೊಂಡಂತಿವೆ, ದೊಡ್ಡ ಮಾವನವು ತುಸು ಬಿಡಿಯಾಗಿ ಇಳಿಬಿದ್ದಿವೆ. ಈ ಚಿತ್ರದಲ್ಲಿ ಹಾಲೆ ಅಂಟಿಕೊಂಡೇ ಇತ್ತು.

ತಲೆ ಬಾಗಿಸಿದ, ಟೋಪಿ ಹಾಕಿದ, ಕಿವಿ ಮಸುಕಾದ ಕೆಲವು ಚಿತ್ರಗಳಲ್ಲಿ ಇದಾವುದೂ ನಡೆಯಲಿಲ್ಲ. ಅವುಗಳ ಕೆಳಗೆ ‘ಮಾವಂದಿರಲ್ಲಿ ಒಬ್ಬರು’ ಎಂದಷ್ಟೇ ಬರೆದಿದ್ದೇನೆ.