ಎರಕದ ಹೌಸಿಂಗ್‌ಗಳಿಗೆ ಪರ್ಚೇಸ್ ಆರ್ಡರ್: ಕೊಟೇಶನ್ ಒಪ್ಪುವುದರಿಂದ ಸ್ವೀಕೃತಿಯವರೆಗೆ

ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಮಶಿನಿಂಗ್ ಘಟಕದಲ್ಲಿ ಖರೀದಿಯ ಹೊಣೆ ನನ್ನದು. ನಮ್ಮಲ್ಲಿ ಎರಕ ಹೊಯ್ಯುವುದಿಲ್ಲ; ಊರಿನ ಫೌಂಡ್ರಿಗಳಿಂದ ಕಾಸ್ಟಿಂಗ್ ತರಿಸಿಕೊಂಡು ಬೋರಿಂಗ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮಾಡಿ ಕಳಿಸುತ್ತೇವೆ. ಎರಕದ ಮಾಲನ್ನು ಕೊಳ್ಳುವವನಿಗೆ ಇರುವ ದೊಡ್ಡ ತೊಡಕೆಂದರೆ, ಗೇಟಿನಲ್ಲಿ ಇಳಿಸಿಕೊಂಡ ದಿನ ಅದು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ದೋಷ ಮಾತ್ರ ಟೂಲ್ ತಾಗಿದ ಮೇಲೆ ಹೊರಬೀಳುತ್ತದೆ. ಆ ಹೊತ್ತಿಗೆ ಮಾಲು ಸ್ವೀಕೃತವಾಗಿರುತ್ತದೆ, ಹಣ ಪಾವತಿಸುವ ದಿನಗಳ ಎಣಿಕೆಯೂ ಶುರುವಾಗಿರುತ್ತದೆ. ಆರುನೂರು ಬೇರಿಂಗ್ ಹೌಸಿಂಗ್‌ಗಳಿಗೆ ನಾನು ಹೊರಡಿಸಿದ ಒಂದು ಆರ್ಡರ್‌ನಲ್ಲಿ ಈ ತೊಡಕಿಗೆ ಹೇಗೆ ಷರತ್ತು ಬರೆದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಫೌಂಡ್ರಿಯ ಕೊಟೇಶನ್ ಒಂದೇ ಪುಟದ್ದಾಗಿತ್ತು. ಎಫ್‌ಜಿ 260 ದರ್ಜೆಯ ಬೂದು ಎರಕ, ಕಿಲೋಗೆ ₹98, ಅಂದಾಜು ತೂಕ 12.5 ಕಿಲೋ, ಜಿಎಸ್‌ಟಿ ಪ್ರತ್ಯೇಕ, ಅಚ್ಚಿನ ರೂಪ ಮೂಡಿಸುವ ಪ್ಯಾಟರ್ನ್‌ನ ಖರ್ಚು ಪ್ರತ್ಯೇಕ, ಪೂರೈಕೆ ನಾಲ್ಕರಿಂದ ಆರು ವಾರ, ಅರ್ಧ ಹಣ ಮುಂಗಡ. ದರದ ಬಗ್ಗೆ ನನಗೆ ತಕರಾರು ಇರಲಿಲ್ಲ. ಕಣ್ಣು ನಿಂತದ್ದು ‘ಅಂದಾಜು’ ಎಂಬಲ್ಲಿ. ಕಿಲೋ ಲೆಕ್ಕದಲ್ಲಿ ಕೊಳ್ಳುವಾಗ ಮಾಲು ಭಾರವಾದಷ್ಟೂ ಬಿಲ್ಲು ಏರುತ್ತದೆ. ಅಚ್ಚಿನ ಮರಳನ್ನು ಗಟ್ಟಿಯಾಗಿ ಬಡಿಯದಿದ್ದರೆ ದ್ರವಲೋಹದ ಒತ್ತಡಕ್ಕೆ ಅಚ್ಚಿನ ಗೋಡೆ ಸರಿದು ಕಾಸ್ಟಿಂಗ್ ಉಬ್ಬುತ್ತದೆ. ಆ ಹೆಚ್ಚಿನ ಲೋಹವನ್ನು ಹಣ ಕೊಟ್ಟು ತಂದು, ಮತ್ತೆ ನಮ್ಮದೇ ಮಶಿನ್ ಸಮಯ ಖರ್ಚು ಮಾಡಿ ಚೂರಾಗಿ ಕಡಿದು ಚೆಲ್ಲಬೇಕು. ಒಂದು ಹೌಸಿಂಗ್ 13.1 ಕಿಲೋ ತೂಗಿದರೆ ಆರುನೂರಕ್ಕೆ ₹35,280 ಹೆಚ್ಚಾಗುತ್ತದೆ. ಹಾಗಾಗಿ ದರವನ್ನು ಕಿಲೋ ಲೆಕ್ಕದಲ್ಲೇ ಉಳಿಸಿ, ಹಣ ಕೊಡುವ ತೂಕಕ್ಕೆ ಮಿತಿ ಹಾಕಿದೆ: ನಿಜವಾದ ತೂಕ ಅಥವಾ 12.5 ಕಿಲೋದ ಮೇಲೆ ಶೇಕಡಾ 3, ಇವೆರಡರಲ್ಲಿ ಯಾವುದು ಕಡಿಮೆಯೋ ಅದು.

ಹೀಗೆ ಒಂದೊಂದೇ ಬದಲಾವಣೆ ಬಂದ ಮೇಲೆ ನಾನು ಕಳಿಸುವ ಆರ್ಡರ್ ಕಾನೂನಿನ ಕಣ್ಣಿಗೆ ‘ಒಪ್ಪಿಗೆ’ ಆಗಿ ಉಳಿಯುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಪೂರ್ಣವಾಗಿಯೂ ನಿಶ್ಶರ್ತವಾಗಿಯೂ ಇರಬೇಕು. ಮುಂಗಡದ ಷರತ್ತನ್ನು ತೆಗೆದುಹಾಕಿ, ತೂಕಕ್ಕೆ ಮಿತಿ ಹಾಕಿ ಕಳಿಸಿದ ಆರ್ಡರ್ ನನ್ನ ಕಡೆಯ ಹೊಸ ಪ್ರಸ್ತಾವವಷ್ಟೇ. ಫೌಂಡ್ರಿಯವರು ಅದನ್ನು ಒಪ್ಪಿ ಸಹಿ ಮಾಡಿ ಕಳಿಸುವವರೆಗೆ ಯಾರ ಷರತ್ತು ನಡೆಯುತ್ತದೆ ಎಂಬ ಪ್ರಶ್ನೆ ಹಾಗೆಯೇ ತೆರೆದಿರುತ್ತದೆ. ಆದ್ದರಿಂದ ಮಾತುಕತೆಯಲ್ಲಿ ಒಪ್ಪಿದ್ದೆಲ್ಲವನ್ನೂ ಮೊದಲು ಒಂದು ಮೇಲ್‌ನಲ್ಲಿ ಬರೆದು ಅವರಿಂದ ಉತ್ತರ ಪಡೆದೆ. ನಂತರ ಆರ್ಡರ್‌ನಲ್ಲಿ ಅವರ ಕೊಟೇಶನ್ ಸಂಖ್ಯೆ ಮತ್ತು ದಿನಾಂಕ, ಆ ಮೇಲ್‌ನ ದಿನಾಂಕ, ಡ್ರಾಯಿಂಗ್ ಸಂಖ್ಯೆ ಮತ್ತು ಅದರ ಪರಿಷ್ಕರಣೆ ಸಂಖ್ಯೆಯನ್ನು ಉಲ್ಲೇಖಿಸಿ, ಕೊಟೇಶನ್ನಿಗೂ ಆರ್ಡರಿಗೂ ವ್ಯತ್ಯಾಸ ಬಂದಲ್ಲಿ ಆರ್ಡರ್‌ನ ಮಾತೇ ಅಂತಿಮ ಎಂದು ಬರೆದೆ. ಆರ್ಡರ್‌ನ ಎರಡನೆಯ ಪ್ರತಿ ಸಹಿ, ಮೊಹರಿನೊಂದಿಗೆ ವಾಪಸು ಬರುವವರೆಗೆ ಪ್ಯಾಟರ್ನ್ ಹಣ ಬಿಡುಗಡೆ ಮಾಡಲಿಲ್ಲ.

ಪೂರೈಕೆಯ ವೇಳಾಪಟ್ಟಿಯಲ್ಲಿ ‘ನಾಲ್ಕರಿಂದ ಆರು ವಾರ’ ಎಂಬುದಕ್ಕೆ ಅರ್ಥವೇ ಇಲ್ಲ, ಏಕೆಂದರೆ ಯಾವ ದಿನದಿಂದ ಎಂಬುದು ಅದರಲ್ಲಿಲ್ಲ. ನಾನು ಎಣಿಕೆಯನ್ನು ಎರಡಾಗಿ ಒಡೆದೆ. ಆರ್ಡರ್ ಒಪ್ಪಿದ ದಿನದಿಂದ ನಾಲ್ಕು ವಾರದೊಳಗೆ ಪ್ಯಾಟರ್ನ್ ಸಿದ್ಧವಾಗಿ ಇಪ್ಪತ್ತು ಮಾದರಿಗಳು ಬರಬೇಕು. ಮಾದರಿಗೆ ನಾವು ಲಿಖಿತ ಒಪ್ಪಿಗೆ ಕೊಟ್ಟ ದಿನದಿಂದ ಎರಡು ವಾರಕ್ಕೊಮ್ಮೆ ನೂರರಂತೆ ಐದು ಲಾಟ್, ಕೊನೆಗೆ ಎಂಬತ್ತರ ಒಂದು ಲಾಟ್. ಮಾದರಿ ಪರೀಕ್ಷಿಸಲು ನಾವು ತೆಗೆದುಕೊಳ್ಳುವ ಸಮಯಕ್ಕೂ ಏಳು ಕೆಲಸದ ದಿನಗಳ ಮಿತಿ ಹಾಕಿಕೊಂಡೆವು. ಅದಿಲ್ಲದೆ ಅವರ ವಿಳಂಬವನ್ನಷ್ಟೇ ಎಣಿಸುವುದು ನ್ಯಾಯವಲ್ಲ. ಗಣೇಶೋತ್ಸವದ ವಾರದಲ್ಲಿ ಬೆಳಗಾವಿಯ ಫೌಂಡ್ರಿಗಳಲ್ಲಿ ಅಚ್ಚು ಬಡಿಯುವವರು ಸಿಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆ ವಾರವನ್ನು ಪಟ್ಟಿಯಲ್ಲಿ ಖಾಲಿ ಬಿಟ್ಟೆ.

ಬೇಗ ಬರುವ ಮಾಲೂ ತೊಂದರೆಯೇ. ಫರ್ನೇಸ್ ಹಚ್ಚಿದ್ದೇವೆಂದು ಎರಡು ಲಾಟ್ ಒಟ್ಟಿಗೆ ಹೊಯ್ದು ಕಳಿಸಿಬಿಟ್ಟರೆ, ನಮ್ಮಲ್ಲಿ ಮಶಿನ್ ಖಾಲಿಯಿಲ್ಲದೆ ಮಾಲು ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ, ಹಣದ ಗಡುವು ಮಾತ್ರ ಓಡುತ್ತಿರುತ್ತದೆ. ನಿಗದಿತ ದಿನಕ್ಕಿಂತ ಐದು ದಿನಕ್ಕೂ ಮುಂಚೆ ಬಂದ ಗಾಡಿಯನ್ನು ಗೇಟಿನಿಂದಲೇ ವಾಪಸು ಕಳಿಸಬಹುದು ಎಂದು ಬರೆದದ್ದು ಇದಕ್ಕಾಗಿ. ತಡವಾದರೆ ವಾರಕ್ಕೆ ಶೇಕಡಾ ಅರ್ಧ, ಒಟ್ಟು ಶೇಕಡಾ 5 ಮೀರದಂತೆ ಕಡಿತವೆಂಬ ರೂಢಿಯ ಷರತ್ತನ್ನೂ ಸೇರಿಸಿದೆ, ಆದರೆ ನನಗೆ ಅದರ ಮೇಲೆ ಹೆಚ್ಚು ಭರವಸೆಯಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಸ್ವೀಕೃತಿಯ ಷರತ್ತು. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಮು, ಕೊಂಡವನು ಮಾರಿದವನ ಒಡೆತನಕ್ಕೆ ಹೊಂದದ ಕೆಲಸವನ್ನು ಮಾಲಿನ ಮೇಲೆ ಮಾಡಿದರೆ ಅದನ್ನು ಸ್ವೀಕರಿಸಿದಂತೆಯೇ ಎನ್ನುತ್ತದೆ. ಕಾಸ್ಟಿಂಗನ್ನು ಚಕ್‌ಗೆ ಕಟ್ಟಿ ಕೊರೆದ ಮೇಲೆ ಫೌಂಡ್ರಿಯವರು ‘ನೀವು ಕೆಲಸ ಮಾಡಿಬಿಟ್ಟಿರಿ, ಇನ್ನೇನು ವಾಪಸು’ ಎನ್ನಲು ಇದೇ ದಾರಿ. ಅದಕ್ಕೆ ಸ್ವೀಕೃತಿಯನ್ನು ಎರಡು ಹಂತವಾಗಿ ಬರೆದೆ.

ಮೊದಲ ಹಂತ ಮಾಲು ಬಂದ ಏಳು ಕೆಲಸದ ದಿನಗಳೊಳಗೆ ಮುಗಿಯಬೇಕು. ಎಣಿಕೆ, ತೂಕ, ಕಣ್ಣಿಗೆ ಕಾಣುವ ಬಿರುಕು ಮತ್ತು ಮರಳಿನ ಕುಳಿ, ಪ್ರತಿ ಹೀಟಿನಿಂದ, ಅಂದರೆ ಒಮ್ಮೆ ಕರಗಿಸಿದ ಲೋಹದಿಂದ ಹೊಯ್ದ ಮಾಲಿನಿಂದ, ಐದು ತುಂಡುಗಳ ಬ್ರಿನೆಲ್ ಗಡಸುತನ 180ರಿಂದ 230ರ ನಡುವೆ ಇರುವುದು, ಅದೇ ಹೀಟಿನಿಂದ ಪ್ರತ್ಯೇಕವಾಗಿ ಹೊಯ್ದ 30 ಮಿ.ಮೀ. ವ್ಯಾಸದ ಟೆಸ್ಟ್ ಬಾರ್‌ನ ಎಳೆಬಲ 260 ಮೆಗಾಪಾಸ್ಕಲ್‌ಗಿಂತ ಕಡಿಮೆ ಇಲ್ಲವೆಂಬ ಪ್ರಮಾಣಪತ್ರ. ಎಫ್‌ಜಿ 260 ಎಂಬ ಹೆಸರಿನಲ್ಲಿರುವ 260 ಇದೇ. ದರ್ಜೆಯ ಜೊತೆಗೆ ಐಎಸ್ 210 ಎಂದು ಮಾನಕದ ಸಂಖ್ಯೆಯನ್ನೂ ಬರೆದೆ. ಪ್ರತಿ ಕಾಸ್ಟಿಂಗಿನ ಮೇಲೆ ಮಶಿನಿಂಗ್ ಆಗದ ಜಾಗದಲ್ಲಿ ಹೀಟ್ ನಂಬರ್ ಮೂಡಿರಬೇಕು, ಇಲ್ಲದಿದ್ದರೆ ಬೇರೆ ಪರೀಕ್ಷೆಯೇ ಇಲ್ಲದೆ ವಾಪಸು.

ಎರಡನೆಯ ಹಂತ ಒಳಗಿನ ದೋಷಗಳದು: ಅನಿಲ ಸಿಕ್ಕಿಕೊಂಡು ಆಗುವ ಬ್ಲೋಹೋಲ್, ಕುಗ್ಗುವಿಕೆಯ ಪೊಳ್ಳು, ಟೂಲ್ ಮುರಿಯುವ ಗಟ್ಟಿ ಚುಕ್ಕೆಗಳು. ಮಾಲು ಬಂದ ತೊಂಬತ್ತು ದಿನಗಳೊಳಗೆ ಮಶಿನಿಂಗ್‌ನಲ್ಲಿ ಇವು ಕಂಡರೆ, ಮೊದಲ ಹಂತದ ಸ್ವೀಕೃತಿಯಾಗಲಿ, ನಾವು ಮಾಡಿದ ಕೆಲಸವಾಗಲಿ ಆ ತುಂಡುಗಳನ್ನು ತಿರಸ್ಕರಿಸುವ ಹಕ್ಕಿಗೆ ಅಡ್ಡಬರುವುದಿಲ್ಲ ಎಂಬುದು ಷರತ್ತಿನ ತಿರುಳು.

ವಾದವಾದದ್ದು ವ್ಯರ್ಥವಾಗುವ ಮಶಿನಿಂಗ್ ಖರ್ಚಿನ ಮೇಲೆ. ಪ್ರತಿ ತುಂಡಿಗೂ ಅದನ್ನು ಫೌಂಡ್ರಿಯೇ ಹೊರಬೇಕೆಂದು ನಾನು ಕೇಳಿದೆ. ಮಾಲೀಕರು ನೇರವಾಗಿಯೇ ಹೇಳಿದರು: “ಸಾಹೇಬ್ರ, ನಿಮ್ಮ ಮಶಿನಿಂಗ್ ಖರ್ಚೆಲ್ಲಾ ನಾನ ಕೊಟ್ಟರ ನನಗ ಎರಕದಾಗ ಏನ್ ಉಳಿತೈತ್ರಿ? ಮರಳಿನ ಅಚ್ಚಂದ್ರ ಒಂದೆರಡು ಹೋಗೂದ.” ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಹೀಗೆ ಒಪ್ಪಿದೆವು: ತಿರಸ್ಕೃತ ತುಂಡಿನ ಎರಕದ ಬೆಲೆ ಯಾವಾಗಲೂ ಅವರದು, ಲಾಟಿನ ಶೇಕಡಾ 3ರವರೆಗೆ ಮಶಿನಿಂಗ್ ಖರ್ಚು ನಮ್ಮದು, ಅದನ್ನು ಮೀರಿದ ತುಂಡುಗಳಿಗೆ ತಲಾ ₹180 ಅವರದು. ನಮ್ಮ ಸೆಟ್ಟಿಂಗ್ ತಪ್ಪಿ ಕೆಟ್ಟ ತುಂಡು ಈ ಲೆಕ್ಕಕ್ಕೆ ಬರುವುದಿಲ್ಲ. ತಿರಸ್ಕೃತ ತುಂಡುಗಳನ್ನು ಹಳದಿ ಬಣ್ಣ ಹಚ್ಚಿ ಬೇರೆಯಾಗಿ ಇಟ್ಟಿರಬೇಕು, ಫೌಂಡ್ರಿಯ ಮನುಷ್ಯ ಬಂದು ನೋಡಿ ಸಹಿ ಮಾಡಿದ ಮೇಲೆಯೇ ಡೆಬಿಟ್.

ಪಾವತಿಯ ಷರತ್ತಿಗೆ ಮೊದಲು ಫೌಂಡ್ರಿಯ ಉದ್ಯಮ್ ನೋಂದಣಿ ಪತ್ರ ತರಿಸಿಕೊಂಡೆ. ಅದು ಸಣ್ಣ ಉದ್ದಿಮೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಇಂಥವರಿಗೆ ಲಿಖಿತ ಒಪ್ಪಂದವಿದ್ದರೂ ಸ್ವೀಕೃತಿಯ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ನಮ್ಮ ಲೆಕ್ಕದ ವಿಭಾಗ ಅಭ್ಯಾಸಬಲದಿಂದ ‘60 ದಿನ’ ಎಂದು ತುಂಬಿ ಕೊಟ್ಟದ್ದನ್ನು ಹೊಡೆದುಹಾಕಿ 45 ಮಾಡಿದೆ. ಮುಂಗಡವಿಲ್ಲ, ಬದಲಿಗೆ ಪ್ಯಾಟರ್ನ್ ಹಣದ ಅರ್ಧ ಆರ್ಡರ್ ಸಹಿಯಾದಾಗ, ಉಳಿದರ್ಧ ಮಾದರಿ ಒಪ್ಪಿದಾಗ. ಪೂರ್ತಿ ಹಣ ನಾವೇ ಕೊಡುವುದರಿಂದ ಪ್ಯಾಟರ್ನ್ ನಮ್ಮ ಸ್ವತ್ತು, ಕೇಳಿದಾಗ ಹಿಂದಿರುಗಿಸಬೇಕು.

ಈ ಕಾಯ್ದೆಯಲ್ಲಿ ‘ಸ್ವೀಕೃತಿಯ ದಿನ’ ಎಂದರೆ ಮಾಲು ತಲುಪಿದ ದಿನವೇ. ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಎತ್ತಿದ್ದರೆ ಮಾತ್ರ ಆ ಆಕ್ಷೇಪವನ್ನು ಅವರು ಪರಿಹರಿಸಿದ ದಿನದಿಂದ ಎಣಿಕೆ. ನಮ್ಮ ಮೊದಲ ಹಂತಕ್ಕೆ ಏಳು ದಿನ ಇಟ್ಟದ್ದು ಈ ಹದಿನೈದರೊಳಗೆ ಆರಾಮಾಗಿ ಮುಗಿಯಲೆಂದು. ಬ್ಲೋಹೋಲ್ ನಲವತ್ತನೆಯ ದಿನ ಕಂಡರೆ ಅದು ಗಡುವನ್ನು ಮುಂದೂಡುವುದಿಲ್ಲ. ಮುಂದೆ ದೋಷ ಬಂದರೆ ಇರಲೆಂದು ಬಿಲ್ಲಿನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿ ಕೆಲವೆಡೆ ಇದೆ. ಸಣ್ಣ ಉದ್ದಿಮೆಯ ವಿಷಯದಲ್ಲಿ 45 ದಿನ ದಾಟಿ ಹಾಗೆ ಹಿಡಿಯುವುದು ನನಗೆ ಸರಿ ಕಾಣಲಿಲ್ಲ. ಲಾಟಿನ ಹಣ ಗಡುವಿನೊಳಗೆ ಪೂರ್ತಿ, ತಿರಸ್ಕೃತ ತುಂಡುಗಳ ಮೊತ್ತ ಮುಂದಿನ ಬಿಲ್ಲಿನಲ್ಲಿ ಕಡಿತ, ಹೀಗೆ ಬರೆದೆ.

ಮಾದರಿಗಳಲ್ಲಿ ಒಂದನ್ನು ಗರಗಸದಿಂದ ಸೀಳಿ, ದಪ್ಪ ಗೋಡೆ ತೆಳು ಗೋಡೆಗೆ ಸೇರುವ ಜಾಗದಲ್ಲಿ ಪೊಳ್ಳಿಲ್ಲವೆಂದು ನೋಡಿಯೇ ಒಪ್ಪಿಗೆ ಕೊಟ್ಟೆವು. ಮೊದಲ ಲಾಟ್ ಹೆಚ್ಚು ತೊಂದರೆ ಕೊಡಲಿಲ್ಲ. ಎರಡನೆಯ ಲಾಟಿನಲ್ಲಿ ಬೋರಿಂಗ್ ಆಗುವಾಗ ಏಳು ತುಂಡುಗಳ ಒಳಮೈಯಲ್ಲಿ ಕಾಳುಮೆಣಸಿನಷ್ಟು ನುಣುಪಾದ ಕುಳಿಗಳು ಕಂಡವು. ಒಳಗೋಡೆ ನುಣುಪಾಗಿದ್ದರೆ ಅದು ಸಿಕ್ಕಿಕೊಂಡ ಅನಿಲದ ಗುರುತು, ಒರಟಾಗಿ ಹರಿದಂತಿದ್ದರೆ ಕುಗ್ಗುವಿಕೆಯದು. ಏಳರಲ್ಲಿ ಐದು ಒಂದೇ ಹೀಟ್ ನಂಬರಿನವು. ಫೌಂಡ್ರಿಯವರು ತಮ್ಮ ದಾಖಲೆ ತೆಗೆದು ನೋಡಿ, ಆ ದಿನ ಒಳಪೊಳ್ಳಿಗಾಗಿ ಅಚ್ಚಿನಲ್ಲಿಟ್ಟ ಮರಳಿನ ಕೋರ್‌ಗಳು ಸರಿಯಾಗಿ ಒಣಗಿರಲಿಲ್ಲವೆಂದು ತಾವೇ ಒಪ್ಪಿಕೊಂಡರು. ಲೆಕ್ಕ ಸರಳವಾಯಿತು: 12.5 ಕಿಲೋ ತೂಕದ ಏಳು ತುಂಡಿನ ಎರಕದ ಬೆಲೆ ₹8,575, ಶೇಕಡಾ 3 ಮೀರಿದ ನಾಲ್ಕು ತುಂಡಿನ ಮಶಿನಿಂಗ್ ₹720, ಒಟ್ಟು ₹9,295. ನಾವು ಕಳಿಸುವ ಡೆಬಿಟ್ ನೋಟಿನಿಂದ ಅವರ ಜಿಎಸ್‌ಟಿ ಹೊಣೆ ಇಳಿಯುವುದಿಲ್ಲ, ಎರಕದ ಬೆಲೆಗೆ ಅವರೇ ತೆರಿಗೆ ಸಹಿತ ಕ್ರೆಡಿಟ್ ನೋಟ್ ಕೊಡಬೇಕು. ಅದಕ್ಕೂ ಹದಿನೈದು ದಿನವೆಂದು ಆರ್ಡರ್‌ನಲ್ಲೇ ಇತ್ತು.

ಮುಂದಿನ ಬಿಲ್ಲಿನಿಂದ ಕಡಿತ ಎಂಬ ವ್ಯವಸ್ಥೆ ಕೊನೆಯ ಲಾಟಿಗೆ ಸಾಲದು, ಅದರ ಮುಂದೆ ಬಿಲ್ಲೇ ಇರುವುದಿಲ್ಲ. ಕೊನೆಯ ಲಾಟನ್ನು ನೂರರ ಬದಲು ಎಂಬತ್ತಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಉತ್ಪಾದನಾ ವಿಭಾಗದೊಂದಿಗೆ ಮೊದಲೇ ಮಾತಾಡಿ, ಆ ಗಾಡಿ ಬರುವ ವಾರ ಎರಡು ಮಶಿನ್‌ಗಳನ್ನು ಖಾಲಿ ಇರಿಸಿಕೊಂಡೆವು. ಬೇರೆ ಕೆಲಸ ಬದಿಗಿಟ್ಟು ಎಲ್ಲ ಎಂಬತ್ತರ ಬೋರಿಂಗನ್ನು ಹದಿನೈದು ದಿನಗಳ ಗಡುವಿನೊಳಗೆ ಮುಗಿಸಿ, ಕೆಟ್ಟ ಎರಡು ತುಂಡುಗಳಿಗೆ ಹೀಟ್ ನಂಬರ್ ಸಹಿತ ಲಿಖಿತ ಆಕ್ಷೇಪ ಕಳಿಸಿದೆವು. ಬದಲಿ ತುಂಡುಗಳು ಬಂದು ಪರೀಕ್ಷೆ ದಾಟಿದ ಮೇಲೆ ಅಂತಿಮ ಬಿಲ್ಲು ಪಾವತಿಯಾಯಿತು.