ಡಿಸಿ ಅಂದರೆ ಎಲ್ಲಾ ಕಡೆ ಜಿಲ್ಲಾಧಿಕಾರಿ ಅಲ್ಲ

ಜಮೀನಿನ ದಾಖಲೆಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಹುದ್ದೆಯ ಹೆಸರು ಬಂದ ಕೂಡಲೇ ಅದು ಯಾವ ಇಲಾಖೆಯದು ಅಂತ ನೋಡಿಕೊಳ್ಳುತ್ತೇನೆ. ನಿಘಂಟು ತೆಗೆಯುವುದು ಆಮೇಲೆ.

ಡೆಪ್ಯುಟಿ ಕಮಿಷನರ್ ಅನ್ನೋದನ್ನೇ ನೋಡಿ. ಕರ್ನಾಟಕದ ಕಂದಾಯ ಇಲಾಖೆಯಲ್ಲಿ ಅವರು ಜಿಲ್ಲಾಧಿಕಾರಿ. ವಾಣಿಜ್ಯ ತೆರಿಗೆ, ಅಬಕಾರಿ ಇಲಾಖೆಗಳಲ್ಲಿ ಉಪ ಆಯುಕ್ತ. ಪೊಲೀಸ್ ಕಮಿಷನರೇಟಿನಲ್ಲಿ ಉಪ ಪೊಲೀಸ್ ಆಯುಕ್ತ, ಅಂದರೆ ಡಿಸಿಪಿ. ಜಿಲ್ಲಾಧಿಕಾರಿಯನ್ನು ಇಂಗ್ಲಿಷಿಗೆ ತರುವಾಗ ಕೆಲವರು 'ಡಿಸ್ಟ್ರಿಕ್ಟ್ ಆಫೀಸರ್' ಅಂತ ಬರೆದುಬಿಡುತ್ತಾರೆ. ನಮ್ಮ ಕಂದಾಯ ಇಲಾಖೆಯಲ್ಲಿ ಅಂಥ ಹುದ್ದೆ ಇಲ್ಲ. 'ಕಲೆಕ್ಟರ್' ತಮಿಳುನಾಡು, ಮಹಾರಾಷ್ಟ್ರದ ಕಾಗದಕ್ಕೆ ಸರಿ, ನಮ್ಮದಕ್ಕಲ್ಲ.

ಮ್ಯುಟೇಷನ್ ತಕರಾರಿನ ಕಡತ ಬಂದರೆ ಹೀಗೆ ಮಾಡುತ್ತೇನೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 136ನೇ ಕಲಮಿನ ಪ್ರಕಾರ ಮೇಲ್ಮನವಿ ಹೋಗುವುದು ಅಸಿಸ್ಟೆಂಟ್ ಕಮಿಷನರ್ ಮುಂದೆ. ಅಲ್ಲಿಂದ ಪುನರ್ ಪರಿಶೀಲನೆಗೆ ಡೆಪ್ಯುಟಿ ಕಮಿಷನರ್. ಕನ್ನಡದ ಆದೇಶದ ತಲೆಯಲ್ಲಿ 'ಉಪವಿಭಾಗಾಧಿಕಾರಿಗಳ ನ್ಯಾಯಾಲಯ' ಅಂತ ಇರುತ್ತದೆ. ಪದಕ್ಕೆ ಪದ ಇಟ್ಟರೆ 'ಸಬ್ ಡಿವಿಜನಲ್ ಆಫೀಸರ್' ಆಗುತ್ತದೆ. ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಅವರು ಅಸಿಸ್ಟೆಂಟ್ ಕಮಿಷನರ್ ಅಂತ ಗೊತ್ತಾಗುತ್ತದೆ, ಅದನ್ನೇ ಬರೆಯುತ್ತೇನೆ. ಅದೇ ಲೆಕ್ಕದಲ್ಲಿ ಅಪರ ಜಿಲ್ಲಾಧಿಕಾರಿ ಅಡಿಷನಲ್ ಡೆಪ್ಯುಟಿ ಕಮಿಷನರ್ ಆಗುತ್ತಾರೆ.

ಒಬ್ಬರೇ ಅಧಿಕಾರಿ ಎರಡು ಹೆಸರಲ್ಲಿ ಸಹಿ ಹಾಕುವುದೂ ಇದೆ. ನಿಷೇಧಾಜ್ಞೆ ಹೊರಡಿಸುವಾಗ ಜಿಲ್ಲಾಧಿಕಾರಿ ಜಿಲ್ಲಾ ದಂಡಾಧಿಕಾರಿ, ಅಂದರೆ ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್. ಆಗ ಸುಮ್ನೆ ಡೆಪ್ಯುಟಿ ಕಮಿಷನರ್ ಅಂತ ಬರೆದರೆ ಆದೇಶ ಯಾವ ಅಧಿಕಾರದಲ್ಲಿ ಬಂತು ಅನ್ನೋದೇ ಅಳಿಸಿಹೋಗುತ್ತದೆ, ಅಲ್ವಾ? ಅದಕ್ಕೇ ಸಹಿಯ ಕೆಳಗಿನ ಮೊಹರನ್ನು ಅಕ್ಷರ ಬಿಡದೆ ಓದುತ್ತೇನೆ. ಮೊಹರಿನಲ್ಲಿ ಎರಡೂ ಇದ್ದರೆ ಅನುವಾದದಲ್ಲೂ ಎರಡನ್ನೂ ಇಡುತ್ತೇನೆ.

ಸಚಿವಾಲಯದ ಪತ್ರಗಳಲ್ಲಿ ತೊಡಕು ಬೇರೆ. ಅಲ್ಲಿ ಪ್ರಧಾನ ಕಾರ್ಯದರ್ಶಿ ಪ್ರಿನ್ಸಿಪಲ್ ಸೆಕ್ರೆಟರಿ. ರಾಜಕೀಯ ಪಕ್ಷದ ಪತ್ರದಲ್ಲಿ ಅದೇ ಹೆಸರು ಜನರಲ್ ಸೆಕ್ರೆಟರಿ. ಮುಖ್ಯ ಕಾರ್ಯದರ್ಶಿ, ಅಂದರೆ ಚೀಫ್ ಸೆಕ್ರೆಟರಿ, ಇಡೀ ರಾಜ್ಯಕ್ಕೆ ಒಬ್ಬರೇ. ಹಾಗಾಗಿ ಒಂದು ಇಲಾಖೆಯ ಪ್ರಧಾನ ಕಾರ್ಯದರ್ಶಿಯನ್ನು ಚೀಫ್ ಸೆಕ್ರೆಟರಿ ಮಾಡಿಬಿಟ್ಟರೆ ಪತ್ರದ ಅರ್ಥವೇ ಬದಲಾಗುತ್ತದೆ.

ಯಾವುದಾದರೂ ಹುದ್ದೆಗೆ ಇಲಾಖೆಯೇ ಬಳಸುವ ಜೋಡಿ ಹೆಸರು ಸಿಗದಿದ್ದರೆ ಹೊಸದನ್ನು ಕಟ್ಟುವುದಿಲ್ಲ. ಮೂಲದ ಹೆಸರನ್ನೇ ಅನುವಾದದ ಲಿಪಿಯಲ್ಲಿ ಬರೆದು, ಆ ಅಧಿಕಾರಿ ಮಾಡುವ ಕೆಲಸವನ್ನು ಒಂದು ಸಾಲಿನಲ್ಲಿ ಹೇಳುತ್ತೇನೆ. ಹಳೆಯ ಮಹಜರಿನಲ್ಲಿ ಗ್ರಾಮ ಲೆಕ್ಕಿಗರ ಸಹಿ ಇದ್ದರೆ ವಿಲೇಜ್ ಅಕೌಂಟೆಂಟ್ ಅಂತಲೇ ಉಳಿಸುತ್ತೇನೆ. ಆ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ ನಿಜ, ಆದರೆ ಸಹಿ ಬಿದ್ದ ದಿನ ಮೊಹರಿನಲ್ಲಿ ಆ ಹೆಸರು ಇರಲಿಲ್ಲ.